ಜ್ವರ ಬಿಟ್ಟರೂ ಬಿಡದ ಮಬ್ಬು

ನಮ್ಮ ಪಕ್ಕದ ಮನೆಯವರು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಕೋವಿಡ್ ಬಂದಾಗ ಐದೇ ದಿನಕ್ಕೆ ಜ್ವರ ಇಳಿಯಿತು, ಆಸ್ಪತ್ರೆಗೆ ಸೇರುವ ಪ್ರಮೇಯವೇ ಬರಲಿಲ್ಲ. ಆದರೆ ಎರಡು ತಿಂಗಳಾದ ಮೇಲೂ, ಕೂಡುವಾಗ 'ಕೈಯಲ್ಲಿ ಎರಡು' ಅಂದುಕೊಂಡದ್ದು ಪಕ್ಕದ ಸಾಲಿಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತಿತ್ತು. 'ತಲೆಯೊಳಗೆ ಹತ್ತಿ ತುಂಬಿದ ಹಾಗಿದೆ' ಎನ್ನುತ್ತಿದ್ದರು. ಸ್ಕ್ಯಾನ್ ಮಾಡಿಸಿದರೆ ಎಲ್ಲ ಸರಿಯಿತ್ತು.

ವೈರಸ್ ಮಿದುಳಿಗೆ ಹೊಕ್ಕರೆ ಮಾತ್ರ ಹೀಗಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಸೋಂಕಿನ ವಿರುದ್ಧ ಹೋರಾಡುವ ದೇಹ ರಕ್ತಕ್ಕೆ ಸೈಟೊಕೈನ್ ಎಂಬ ಸಂದೇಶವಾಹಕ ವಸ್ತುಗಳನ್ನು ಬಿಡುತ್ತದೆ. ಜ್ವರದಲ್ಲಿ ಯಾವುದೂ ಬೇಡವೆನಿಸಿ ಮಂಕಾಗಿ ಮಲಗುವುದು ಅವುಗಳಿಂದಲೇ. ಸಾಮಾನ್ಯವಾಗಿ ಜ್ವರದ ಜೊತೆಗೇ ಆ ಮಂಕೂ ಹೋಗುತ್ತದೆ. ಕೆಲವರಲ್ಲಿ ಮಾತ್ರ ಮಿದುಳಿನ ಕಾವಲು ಜೀವಕೋಶಗಳಾದ ಮೈಕ್ರೋಗ್ಲಿಯಾಗಳು ಕೆರಳಿದವು ಕೆರಳಿದಂತೆಯೇ ಉಳಿಯುತ್ತವೆ ಎಂಬುದು ಒಂದು ವಿವರಣೆ. 2022ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಉಸಿರಾಟದ ಅಂಗಗಳಿಗಷ್ಟೇ ಸೌಮ್ಯ ಸೋಂಕು ತಗುಲಿಸಿದರು. ಮಿದುಳಿನಲ್ಲಿ ವೈರಸ್ ಇರಲಿಲ್ಲ. ಆದರೂ 7 ವಾರಗಳ ನಂತರ ಈ ಕೋಶಗಳು ಅಲ್ಲಿ ಕೆರಳಿಯೇ ಇದ್ದವು, ನರತಂತುಗಳಿಗೆ ಹೊದಿಕೆ ನೇಯುವ ಕೋಶಗಳು ಕಡಿಮೆಯಾಗಿದ್ದವು. ವಿದ್ಯುತ್ ತಂತಿಯ ಪ್ಲಾಸ್ಟಿಕ್ ಕವಚದಂತಹ ಹೊದಿಕೆ ಅದು. ಅದು ಸವೆದರೆ ಸಂಕೇತಗಳ ಓಟ ನಿಧಾನವಾಗುತ್ತದೆ.

ಮನುಷ್ಯರಲ್ಲಿ ನನ್ನ ಗಮನ ಸೆಳೆದದ್ದು ಡಬ್ಲಿನ್ ಅಧ್ಯಯನ. ರಕ್ತನಾಳಕ್ಕೆ ಬಣ್ಣದಂತಹ ದ್ರವ ಬಿಟ್ಟು, ಅದು ಮಿದುಳಿಗೆ ಸೋರುತ್ತದೆಯೇ ಎಂದು ವಿಶೇಷ ಎಂಆರ್‌ಐನಲ್ಲಿ ನೋಡಿದರು. ಮಬ್ಬಿನಿಂದ ಬಳಲುತ್ತಿದ್ದವರಲ್ಲಿ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸೋರುತ್ತಿತ್ತು. ಮಾಮೂಲಿ ಸ್ಕ್ಯಾನಿನಲ್ಲಿ ಈ ಸೋರಿಕೆ ಕಾಣುವುದಿಲ್ಲ. ಪರೀಕ್ಷಿಸಿದ್ದು ಕೆಲವೇ ಮಂದಿಯನ್ನು, ಹಾಗಾಗಿ ಇದೇ ಕೊನೆಯ ಮಾತಲ್ಲ.

ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಜನರ ಬುದ್ಧಿಶಕ್ತಿ ಪರೀಕ್ಷೆ ನಡೆಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಂಕೇ ತಗುಲದವರಿಗೆ ಹೋಲಿಸಿದರೆ, ಬೇಗ ಗುಣವಾದವರಲ್ಲಿ ಐಕ್ಯೂ ಲೆಕ್ಕದಲ್ಲಿ ಸುಮಾರು 3 ಅಂಕ, ಇನ್ನೂ ಲಕ್ಷಣಗಳು ಹೋಗದವರಲ್ಲಿ ಸುಮಾರು 6 ಅಂಕ ಕಡಿಮೆಯಿತ್ತು. ಆದರೆ ಬಹುಕಾಲ ನರಳಿ ಕೊನೆಗೆ ಗುಣವಾದವರ ಅಂಕ, ಬೇಗ ಗುಣವಾದವರದ್ದಕ್ಕೆ ಸಮನಾಗಿತ್ತು. ಈ ಮಬ್ಬು ಸರಿಯಬಲ್ಲದು ಎಂಬ ಭರವಸೆ ನನಗೆ ಇದರಿಂದಲೇ.

ಇದಕ್ಕೆಂದೇ ಸಾಬೀತಾದ ಔಷಧಿ ಇನ್ನೂ ಇಲ್ಲ. ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಬೇಕು, ನಿದ್ದೆ ಹೇಗಿದೆ ಎಂದು ಕೇಳಬೇಕು. ಇವುಗಳ ತೊಂದರೆಯೂ ಇದೇ ಮಬ್ಬು ತರುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಹೆಚ್ಚು ದುಡಿದ ಮರುದಿನ ಹಾಸಿಗೆ ಹಿಡಿಯುವಂತಾದರೆ ಹಟಕ್ಕೆ ಬೀಳದೆ ಕೆಲಸವನ್ನು ತುಂಡುತುಂಡಾಗಿ ಮಾಡಬೇಕು. ನಮ್ಮ ನೆರೆಯವರು ಕಷ್ಟದ ಲೆಕ್ಕವನ್ನೆಲ್ಲ ಬೆಳಗಿನ ಎರಡು ಗಂಟೆಗೆ ಸೀಮಿತಗೊಳಿಸಿ, ಕೈಯಲ್ಲಿ ಉಳಿದ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಹಠಾತ್ತನೆ ಮಾತು ತೊದಲಿದರೆ, ಗುರುತು ಸಿಗದಂತಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯವರಲ್ಲಿ ನನ್ನದೊಂದು ವಿನಂತಿ: ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಅವರನ್ನು ಸೋಮಾರಿ ಎನ್ನಬೇಡಿ.