ಪ್ರಾಸ್ಟೇಟ್ 46 ಸಿ.ಸಿ. ಎಂದರೆ ಏನರ್ಥ?

ಗ್ಯಾಸ್ಟ್ರಿಕ್ಕೆಂದೋ ಕಿಡ್ನಿ ಕಲ್ಲಿಗೆಂದೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ ಅರವತ್ತು ದಾಟಿದ ಗಂಡಸರ ರಿಪೋರ್ಟಿನಲ್ಲಿ ಬಹಳ ಸಲ ಒಂದು ಸಾಲು ಕಾಣಿಸುತ್ತದೆ: ಪ್ರಾಸ್ಟೇಟ್ ಹಿಗ್ಗಿದೆ, ಇಷ್ಟು ಸಿ.ಸಿ., ಗ್ರೇಡ್ ಇಷ್ಟು. ಕೇಳಲು ಹೋಗಿದ್ದು ಒಂದು, ಕೈಗೆ ಬಂದಿದ್ದು ಇನ್ನೊಂದು ಚಿಂತೆ.

ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿ ಇದು. ಹರೆಯದಲ್ಲಿ ಸುಮಾರು 20 ಸಿ.ಸಿ., ದಪ್ಪನೆಯ ಬೆಟ್ಟದ ನೆಲ್ಲಿಕಾಯಿಯಷ್ಟು. ವಯಸ್ಸಾದಂತೆ ನಾಳಕ್ಕೆ ಅಂಟಿಕೊಂಡ ಒಳಭಾಗ ಬೆಳೆಯುತ್ತದೆ. ಸ್ಕ್ಯಾನಿಂಗ್ ಯಂತ್ರ ಈ ಗ್ರಂಥಿಯನ್ನು ತೂಗುವುದಿಲ್ಲ. ವೈದ್ಯರು ಪರದೆಯ ಮೇಲೆ ಅದರ ಉದ್ದ, ಅಗಲ, ದಪ್ಪಗಳನ್ನು ಗುರುತಿಸುತ್ತಾರೆ. ಮೂರನ್ನೂ ಗುಣಿಸಿ, ಬಂದದ್ದನ್ನು ಮತ್ತೆ 0.52ರಿಂದ ಗುಣಿಸಿದರೆ ಸಿ.ಸಿ. ಸಿಗುತ್ತದೆ. ಗ್ರಂಥಿ ಮೊಟ್ಟೆಯಾಕಾರದ್ದು ಎಂದು ಭಾವಿಸಿ ಮಾಡುವ ಲೆಕ್ಕ ಇದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿವೃತ್ತ ಮೇಷ್ಟ್ರೊಬ್ಬರಿಗೆ 66 ವರ್ಷ. ಹೋದ ವರ್ಷದ ಅಳತೆ 4.8, 4.4, 3.6 ಸೆಂ.ಮೀ.; ಲೆಕ್ಕ ಹಾಕಿದರೆ ಸುಮಾರು 40 ಸಿ.ಸಿ. ಈ ವರ್ಷ ಬೇರೆ ಕಡೆ ಮಾಡಿಸಿದಾಗ 5.1, 4.6, 3.8, ಅಂದರೆ 46. ‘ಅಪ್ಪಾ, ಒಂದೇ ವರ್ಷಕ್ಕೆ ಆರು ಸಿ.ಸಿ. ಜಾಸ್ತಿಯಾಗಿದೆಯಲ್ಲ!’ ಎಂದು ಮಗನಿಗೆ ಗಾಬರಿ. ಆದರೆ ಅಳತೆಗಳ ವ್ಯತ್ಯಾಸ ನೋಡಿ: ಎರಡು ಮೂರು ಮಿಲಿಮೀಟರ್ ಅಷ್ಟೆ. ಹೊಟ್ಟೆಯ ಮೇಲಿನಿಂದ ನೋಡುವಾಗ ಗ್ರಂಥಿಯ ಅಂಚು ಎಲ್ಲಿ ಮುಗಿಯಿತು ಎಂಬುದರಲ್ಲಿ ಇಬ್ಬರು ವೈದ್ಯರ ನಡುವೆ ಇಷ್ಟು ಅಂತರ ಸಹಜ. ಮೂರು ಕಡೆಯ ಚಿಕ್ಕ ಅಂತರ ಗುಣಾಕಾರದಲ್ಲಿ ದೊಡ್ಡದಾಗಿ ಕಾಣುತ್ತದೆ. ನಿಜವಾದ ಬೆಳವಣಿಗೆ ಸರಾಸರಿ ವರ್ಷಕ್ಕೆ ನೂರಕ್ಕೆ ಒಂದೆರಡು ಪಾಲು. ಮೇಷ್ಟ್ರ ಲೆಕ್ಕದಲ್ಲಿ ಒಂದು ಸಿ.ಸಿ.ಯೂ ಆಗುವುದಿಲ್ಲ. ಗ್ರೇಡನ್ನಂತೂ ಹೆಚ್ಚು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಅದು ಬರೀ ಗಾತ್ರದ ವರ್ಗ, ಅದರ ಗೆರೆಯನ್ನು ಎಲ್ಲರೂ ಒಂದೇ ಕಡೆ ಎಳೆಯುವುದೂ ಇಲ್ಲ.

ಮೇಷ್ಟ್ರು ರಾತ್ರಿ ಒಮ್ಮೆ ಏಳುತ್ತಾರೆ, ಧಾರೆ ಚೆನ್ನಾಗಿದೆ. ಅದೇ ಕ್ಲಿನಿಕ್ಕಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತವರ ಗ್ರಂಥಿ ಬರೀ 28 ಸಿ.ಸಿ. ಇರಬಹುದು, ಆದರೆ ಅವರು ಮುಕ್ಕಿ ಮುಕ್ಕಿ ಹೊಯ್ಯಬೇಕು, ಹೊಯ್ದು ಬಂದರೂ ಇನ್ನೂ ಉಳಿದಂತೆ ಅನ್ನಿಸುತ್ತದೆ. ಗ್ರಂಥಿ ಹೊರಮುಖವಾಗಿ ಬೆಳೆದರೆ ನಾಳಕ್ಕೆ ಅಷ್ಟಾಗಿ ತೊಂದರೆಯಿಲ್ಲ. ನಡುವಿನ ಹಾಲೆ ಮೇಲಕ್ಕೆ ಮೂತ್ರಕೋಶದೊಳಕ್ಕೆ ಚಾಚಿದರೆ ಸಣ್ಣ ಗ್ರಂಥಿಯೂ ಬಾಯಿಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಸಿ.ಸಿ.ಗಿಂತ ರಿಪೋರ್ಟಿನ ಬೇರೆ ಎರಡು ಸಂಗತಿಗಳು ನನಗೆ ಮುಖ್ಯವೆನಿಸುತ್ತವೆ. ಒಂದು, ಆ ಚಾಚು ಎಷ್ಟು ಎಂಬುದು, 10 ಮಿ.ಮೀ. ದಾಟಿದರೆ ಅಡಚಣೆಯ ಸಂಭವ ಹೆಚ್ಚು. ಇದನ್ನು ಎಲ್ಲರೂ ಬರೆಯುವುದಿಲ್ಲ, ಕೇಳಬೇಕು. ಇನ್ನೊಂದು, ಮೂತ್ರ ಮಾಡಿದ ಮೇಲೆ ಒಳಗೆ ಉಳಿದದ್ದೆಷ್ಟು ಎಂಬುದು. 50 ಮಿ.ಲೀ. ಒಳಗಿದ್ದರೆ ಚಿಂತೆಯಿಲ್ಲ; ಮತ್ತೆ ಮತ್ತೆ 150 ದಾಟಿದರೆ ಮೂತ್ರರೋಗ ತಜ್ಞರನ್ನು ಕಾಣಬೇಕು.

ಈ ಉಳಿಕೆಯ ಲೆಕ್ಕವೂ ಮೋಸ ಮಾಡುವುದುಂಟು. ಒಂದೂವರೆ ಲೀಟರ್ ನೀರು ಕುಡಿದು, ಸರದಿಗಾಗಿ ತಡೆದು ತಡೆದು ಕೂತವರ ಮೂತ್ರಕೋಶ ಮಿತಿಮೀರಿ ಹಿಗ್ಗಿರುತ್ತದೆ. ಆರೋಗ್ಯವಂತರಿಗೂ ಆಗ ಒಂದೇ ಸಲಕ್ಕೆ ಪೂರ್ತಿ ಖಾಲಿಯಾಗದು. ಉಳಿಕೆ ಜಾಸ್ತಿ ಬಂದರೆ ಮತ್ತೊಮ್ಮೆ ಹೋಗಿ ಬಂದು ಇನ್ನೊಂದು ಸಲ ನೋಡಿಸುವುದು ಒಳ್ಳೆಯದು. ರಾತ್ರಿ ಪದೇ ಪದೇ ಏಳುವುದಕ್ಕೆ ಸಕ್ಕರೆ ಕಾಯಿಲೆಯೋ, ಸಂಜೆ ನುಂಗಿದ ನೀರಿಳಿಸುವ ಮಾತ್ರೆಯೋ ಕಾರಣವಾಗಿರಲೂಬಹುದು. ಪ್ರಾಸ್ಟೇಟ್ ಪಾಪ ಸುಮ್ಮನೆ ಬೈಸಿಕೊಳ್ಳುತ್ತದೆ.

ಹಾಗೆಂದು ಸಿ.ಸಿ. ನಿರುಪಯೋಗಿಯಲ್ಲ. ತೊಂದರೆ ಇದ್ದವರಿಗೆ ಯಾವ ಚಿಕಿತ್ಸೆ ಎಂಬುದು ಅದರ ಮೇಲೆ ನಿಂತಿದೆ. ಸ್ನಾಯುವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆಗೆ ಗಾತ್ರದ ಹಂಗಿಲ್ಲ, ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಗ್ರಂಥಿಯನ್ನೇ ಕುಗ್ಗಿಸುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್‌ಗಳನ್ನು ಸಾಮಾನ್ಯವಾಗಿ 30–40 ಸಿ.ಸಿ. ದಾಟಿದವರಿಗೆ ಕೊಡುತ್ತಾರೆ, ಆರು ತಿಂಗಳಾದರೂ ಕಾಯಬೇಕು. ಆಪರೇಷನ್ನೇ ಬೇಕಾದರೆ 80 ಸಿ.ಸಿ. ಒಳಗಿನದನ್ನು ಮೂತ್ರನಾಳದ ಮೂಲಕವೇ ಹೆರೆದು ತೆಗೆಯುವುದು ರೂಢಿ. ಅದಕ್ಕಿಂತ ದೊಡ್ಡದಕ್ಕೆ ಲೇಸರ್‌ನಿಂದ ಬಿಡಿಸಿ ತೆಗೆಯುವ ವಿಧಾನವನ್ನೋ ತೆರೆದ ಶಸ್ತ್ರಚಿಕಿತ್ಸೆಯನ್ನೋ ಆರಿಸುತ್ತಾರೆ.

ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದನ್ನು ಈ ಗಾತ್ರ ಹೇಳುವುದಿಲ್ಲ. ಅದಕ್ಕೆ ವೈದ್ಯರು ಬೆರಳಿನಿಂದ ಪರೀಕ್ಷಿಸುತ್ತಾರೆ, ಪಿ.ಎಸ್.ಎ. ರಕ್ತಪರೀಕ್ಷೆ ಮಾಡಿಸುತ್ತಾರೆ. ಕುಗ್ಗಿಸುವ ಮಾತ್ರೆಯನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಪಿ.ಎಸ್.ಎ. ಸುಮಾರು ಅರ್ಧಕ್ಕೆ ಇಳಿದಿರುತ್ತದೆ. 3 ಎಂದು ಬಂದರೆ ಅದನ್ನು 6 ಎಂದೇ ಓದಬೇಕು. ಆದ್ದರಿಂದ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಪರೀಕ್ಷೆಯ ಫಲಿತಾಂಶ ನೋಡುವ ವೈದ್ಯರಿಗೆ ಮೊದಲೇ ಹೇಳಿಬಿಡಿ.