ಒಂದೇ ಡಿ, ಎರಡು ಉತ್ತರ

ಡಿಜಿಟಲ್ ಪ್ರಯೋಗಾಲಯದಲ್ಲಿ 7475 ಮತ್ತು 7474 ಎಂಬ ಎರಡು ಹಳೆಯ ಐಸಿಗಳು ಈಗಲೂ ಡಬ್ಬಿಯಲ್ಲಿ ಒಟ್ಟಿಗೇ ಬಿದ್ದಿರುತ್ತವೆ. ಎರಡರಲ್ಲೂ ಡಿ ಎಂಬ ಕಾಲು ಇದೆ, ಕ್ಯೂ ಎಂಬ ಔಟ್‌ಪುಟ್ ಇದೆ, ಎರಡೂ ಒಂದು ಬಿಟ್ ನೆನಪಿಟ್ಟುಕೊಳ್ಳುತ್ತವೆ. ಇವೆರಡಕ್ಕೂ ಒಂದೇ ತಂತಿಯಿಂದ ಡಿ ಕೊಟ್ಟು, ಒಂದೇ ಕ್ಲಾಕ್ ಕೊಟ್ಟರೂ ಕೊನೆಗೆ ಒಂದು 1 ಎನ್ನಬಹುದು, ಇನ್ನೊಂದು 0 ಎನ್ನಬಹುದು. ಎರಡರಲ್ಲಿ ಯಾವುದೂ ಕೆಟ್ಟಿರುವುದಿಲ್ಲ. 7475 ಲ್ಯಾಚ್, 7474 ಫ್ಲಿಪ್‌ಫ್ಲಾಪ್, ಅಷ್ಟೇ.

ಎರಡಕ್ಕೂ ಮೂಲವಾದ ಎಸ್‌ಆರ್ ಲ್ಯಾಚ್‌ನಿಂದ ಶುರು ಮಾಡೋಣ. ಎರಡು ನಾರ್ ಗೇಟ್‌ಗಳನ್ನು ತೆಗೆದುಕೊಂಡು, ಒಂದರ ಔಟ್‌ಪುಟ್ಟನ್ನು ಇನ್ನೊಂದರ ಇನ್‌ಪುಟ್‌ಗೆ ಅಡ್ಡಡ್ಡ ಜೋಡಿಸಿದರೆ ಅದು ಸಿದ್ಧ. ನಾರ್ ಗೇಟ್‌ನ ನಿಯಮ ಸರಳ: ಇನ್‌ಪುಟ್‌ಗಳಲ್ಲಿ ಯಾವುದಾದರೂ ಒಂದು 1 ಇದ್ದರೆ ಔಟ್‌ಪುಟ್ 0, ಎಲ್ಲವೂ 0 ಇದ್ದರೆ ಮಾತ್ರ 1. ಎಸ್ ಅನ್ನು ಒಂದು ಕ್ಷಣ 1 ಮಾಡಿ. ಅದು ಸೇರುವ ಗೇಟ್‌ನ ಔಟ್‌ಪುಟ್ 0 ಆಗುತ್ತದೆ. ಆ 0 ಇನ್ನೊಂದು ಗೇಟ್‌ಗೆ ಹೋಗುತ್ತದೆ. ಅಲ್ಲಿ ಆರ್ ಕೂಡ 0 ಇರುವುದರಿಂದ ಕ್ಯೂ 1 ಆಗುತ್ತದೆ. ಆ 1 ಮರಳಿ ಮೊದಲ ಗೇಟ್‌ಗೆ ಬಂದು ಅದನ್ನು 0 ದಲ್ಲೇ ಹಿಡಿದಿಡುತ್ತದೆ. ಇನ್ನು ಎಸ್ ಅನ್ನು ತೆಗೆದರೂ ಕ್ಯೂ ಕದಲುವುದಿಲ್ಲ. ಅದನ್ನು ಅಳಿಸಲು ಆರ್ ಅನ್ನೇ ತಟ್ಟಬೇಕು. 1918ರಲ್ಲಿ ಬ್ರಿಟನ್ನಿನ ಎಕ್ಲ್ಸ್ ಮತ್ತು ಜೋರ್ಡನ್ ನಿರ್ವಾತ ಕೊಳವೆಗಳಲ್ಲಿ ಕಟ್ಟಿದ್ದೂ ಇದೇ ಜಾತಿಯ ಸರ್ಕ್ಯೂಟು.

ಎಸ್‌ಆರ್ ಲ್ಯಾಚ್‌ಗೆ ಕ್ಲಾಕ್ ಎಂಬುದೇ ಇಲ್ಲ. ಯಾವಾಗ ತಟ್ಟಿದರೆ ಆವಾಗಲೇ ತಿರುಗುತ್ತದೆ. ಒಂದು ದೋಷವೂ ಇದೆ. ಎಸ್ ಮತ್ತು ಆರ್ ಎರಡನ್ನೂ 1 ಮಾಡಿದರೆ ಎರಡು ಔಟ್‌ಪುಟ್‌ಗಳೂ 0 ಆಗಿ ಕೂರುತ್ತವೆ. ಅಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಎರಡನ್ನೂ ಒಟ್ಟಿಗೇ 0 ಗೆ ಇಳಿಸಿದಾಗ ಯಾವ ಗೇಟ್ ಕೂದಲೆಳೆಯಷ್ಟು ವೇಗವಾಗಿದೆಯೋ ಅದೇ ಗೆಲ್ಲುತ್ತದೆ. ಫಲಿತಾಂಶವನ್ನು ಕಾಗದದ ಮೇಲೆ ಹೇಳಲು ಬರುವುದಿಲ್ಲ.

ಗೇಟೆಡ್ ಡಿ ಲ್ಯಾಚ್ ಈ ದೋಷವನ್ನು ಜಾಣತನದಿಂದ ಮುಚ್ಚುತ್ತದೆ. ಡಿ ಎಂಬ ಒಂದೇ ತಂತಿಯನ್ನು ಎಸ್ ಕಡೆಗೆ ನೇರವಾಗಿಯೂ ಆರ್ ಕಡೆಗೆ ತಲೆಕೆಳಗು ಮಾಡಿಯೂ ಕಳಿಸುತ್ತಾರೆ. ಹಾಗಾಗಿ ಎರಡೂ 1 ಆಗುವ ಪ್ರಶ್ನೆಯೇ ಬರುವುದಿಲ್ಲ. ದಾರಿಯಲ್ಲಿ ಎನೇಬಲ್ ಎಂಬ ಕಾವಲು. ಎನೇಬಲ್ 1 ಇರುವಷ್ಟು ಹೊತ್ತೂ ಡಿ ಹೇಗೆ ಕುಣಿದರೆ ಕ್ಯೂ ಹಾಗೆ ಕುಣಿಯುತ್ತದೆ. ಎನೇಬಲ್ 0 ಆದ ಕ್ಷಣದಲ್ಲಿ ಏನಿತ್ತೋ ಅದು ಉಳಿಯುತ್ತದೆ. 7475ರಲ್ಲಿ ಇಂಥ ನಾಲ್ಕು ಲ್ಯಾಚ್‌ಗಳಿವೆ.

ಎಡ್ಜ್-ಟ್ರಿಗರ್ಡ್ ಡಿ ಫ್ಲಿಪ್‌ಫ್ಲಾಪ್ ಹಾಗಲ್ಲ. ಅದು ಕ್ಲಾಕ್ 0 ಯಿಂದ 1 ಕ್ಕೆ ಏರುವ ಅಂಚಿನಲ್ಲಿ ಮಾತ್ರ ಡಿಯನ್ನು ನೋಡುತ್ತದೆ. ಮಾತಿನಲ್ಲಿ ಹೇಳಿದರೆ ಈ ವ್ಯತ್ಯಾಸ ಪುಟ್ಟದಾಗಿ ಕಾಣುತ್ತದೆ. ಟೈಮಿಂಗ್ ಡಯಾಗ್ರಾಮ್ ನೋಡಿ. ಅಡ್ಡಕ್ಕೆ ಸಮಯ, ಮೈಕ್ರೊಸೆಕೆಂಡ್‌ಗಳಲ್ಲಿ. ಮೊದಲ ಸಾಲು ಕ್ಲಾಕ್ (ಲ್ಯಾಚ್‌ಗೆ ಇದೇ ಎನೇಬಲ್), ಎರಡನೆಯದು ಡಿ, ಮೂರನೆಯದು ಲ್ಯಾಚ್‌ನ ಔಟ್‌ಪುಟ್, ಕೊನೆಯದು ಫ್ಲಿಪ್‌ಫ್ಲಾಪ್‌ನದು. ಮೇಲಿನ ಗೆರೆ 1, ಕೆಳಗಿನದು 0.

```
     0       4       8       12      16      20
CLK  ________‾‾‾‾‾‾‾‾________‾‾‾‾‾‾‾‾________
D    ____‾‾‾‾‾‾__‾‾‾‾‾‾‾‾________‾‾‾‾‾‾______
QL   ________‾‾__‾‾‾‾‾‾‾‾‾‾‾‾____‾‾‾‾‾‾‾‾‾‾‾‾
QF   ________‾‾‾‾‾‾‾‾‾‾‾‾‾‾‾‾________________
```

2ನೇ ಮೈಕ್ರೊಸೆಕೆಂಡ್‌ನಲ್ಲಿ ಡಿ ಏರುತ್ತದೆ. ಕ್ಲಾಕ್ ಇನ್ನೂ 0, ಇಬ್ಬರೂ ಸುಮ್ಮನಿದ್ದಾರೆ. 4ರಲ್ಲಿ ಕ್ಲಾಕ್ ಏರಿದಾಗ ಇಬ್ಬರೂ 1 ಆಗುತ್ತಾರೆ. ದಾರಿ ಕವಲೊಡೆಯುವುದು 5ರಲ್ಲಿ. ಅಲ್ಲಿ ಡಿ ಒಂದು ಮೈಕ್ರೊಸೆಕೆಂಡ್ ಕುಸಿದು ಮತ್ತೆ ಏಳುತ್ತದೆ. ಕ್ಲಾಕ್ ಇನ್ನೂ 1 ಇರುವುದರಿಂದ ಲ್ಯಾಚ್ ಆ ಕುಸಿತವನ್ನು ಹಾಗೆಯೇ ಔಟ್‌ಪುಟ್‌ಗೆ ದಾಟಿಸುತ್ತದೆ. ಫ್ಲಿಪ್‌ಫ್ಲಾಪ್‌ಗೆ ಅದು ಗೊತ್ತೇ ಆಗುವುದಿಲ್ಲ. 10ರಲ್ಲಿ ಡಿ ಇಳಿಯುತ್ತದೆ, ಆದರೆ ಕ್ಲಾಕ್ 0. ಇಬ್ಬರೂ 1 ರಲ್ಲೇ ಇದ್ದಾರೆ. 12ರ ಏರು ಅಂಚಿನಲ್ಲಿ ಡಿ 0, ಆದ್ದರಿಂದ ಇಬ್ಬರೂ 0. ಮುಂದೆ 14ರಲ್ಲಿ ಡಿ ಏರಿದಾಗ ಲ್ಯಾಚ್ ಅದರ ಬೆನ್ನಿಗೇ ಏರುತ್ತದೆ. 16ರಲ್ಲಿ ಕ್ಲಾಕ್ ಬಿದ್ದಾಗ ಆ 1 ಅಲ್ಲೇ ಸಿಕ್ಕಿಕೊಳ್ಳುತ್ತದೆ. 17ರಲ್ಲಿ ಡಿ ಇಳಿದರೂ ಅದಕ್ಕೆ ಲೆಕ್ಕವಿಲ್ಲ. ಕೊನೆಗೆ ಲ್ಯಾಚ್ 1, ಫ್ಲಿಪ್‌ಫ್ಲಾಪ್ 0.

ಪರೀಕ್ಷೆಯಲ್ಲಿ ಇಂಥ ಚಿತ್ರ ಬರೆಯಲು ಕೊಟ್ಟಾಗ ಮಾಡಬೇಕಾದ್ದು ಇಷ್ಟೇ. ಫ್ಲಿಪ್‌ಫ್ಲಾಪ್‌ಗಾದರೆ ಕ್ಲಾಕ್‌ನ ಪ್ರತಿ ಏರು ಅಂಚಿನಿಂದ ಕೆಳಕ್ಕೆ ಒಂದು ಗೆರೆ ಎಳೆದು, ಆ ಗೆರೆಯ ಹತ್ತಿಹೋದಂತೆ ಎಡಕ್ಕೆ ಡಿ ಎಷ್ಟಿದೆ ಎಂದು ನೋಡಿ, ಬೇರೇನೂ ನೋಡಬೇಡಿ. ಲ್ಯಾಚ್‌ಗಾದರೆ ಕ್ಲಾಕ್ 1 ಇರುವ ಅಗಲಕ್ಕೆ ಪೆನ್ಸಿಲ್ಲಿನಲ್ಲಿ ಛಾಯೆ ಹಚ್ಚಿ, ಅದರೊಳಗೆ ಡಿಯನ್ನು ನಕಲು ಮಾಡಿ. ಛಾಯೆ ಮುಗಿದಲ್ಲಿಂದ ನೇರ ಗೆರೆ.

ಒಂದು ಕ್ಷಣ ಮಾತ್ರ ನೋಡುವ ಸರ್ಕ್ಯೂಟನ್ನು ಕಟ್ಟುವುದು ಹೇಗೆ? ಎರಡು ಲ್ಯಾಚ್‌ಗಳನ್ನು ಒಂದರ ಹಿಂದೆ ಒಂದು ಇಡುವುದು ಒಂದು ದಾರಿ. ಕಾಲುವೆಗೆ ಅಡ್ಡಲಾಗಿ ಎರಡು ತೂಬು, ನಡುವೆ ಪುಟ್ಟ ತೊಟ್ಟಿ ಇದೆ ಎಂದುಕೊಳ್ಳಿ. ಮೊದಲ ತೂಬು ತೆರೆದಿದ್ದಾಗ ಎರಡನೆಯದು ಮುಚ್ಚಿರುತ್ತದೆ, ಅದು ಮುಚ್ಚಿದಾಗ ಇದು ತೆರೆಯುತ್ತದೆ. ನೀರು ಯಾವತ್ತೂ ಈ ಕಡೆಯಿಂದ ಆ ಕಡೆಗೆ ನೇರ ಹರಿಯುವುದಿಲ್ಲ. ಮೊದಲ ಲ್ಯಾಚ್ ಕ್ಲಾಕ್ 0 ಇದ್ದಾಗ ತೆರೆದಿರುತ್ತದೆ, ಎರಡನೆಯದು 1 ಇದ್ದಾಗ. ಹಾಗಾಗಿ ಹೊರಗೆ ಕಾಣುವುದು ಮೊದಲನೆಯದು ಮುಚ್ಚಿದ ಕ್ಷಣದ ಡಿ ಮಾತ್ರ. (7474ರ ಒಳಗಿನ ಜೋಡಣೆ ಬೇರೆ: ಅಲ್ಲಿ ಆರು ನ್ಯಾಂಡ್ ಗೇಟ್‌ಗಳಿಂದಾದ ಮೂರು ಎಸ್‌ಆರ್ ಲ್ಯಾಚ್‌ಗಳಿವೆ. ಫಲ ಅದೇ.)

ಇಷ್ಟೆಲ್ಲ ಪಾಡು ಏಕೆ ಎಂದರೆ, ಔಟ್‌ಪುಟ್ಟನ್ನು ತಿರುಗಿಸಿ ಇನ್‌ಪುಟ್‌ಗೇ ಕೊಡುವ ಸಂದರ್ಭ ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಕ್ಯೂನ ತಲೆಕೆಳಗಾದ ಔಟ್‌ಪುಟ್ಟನ್ನು ಡಿಗೆ ಜೋಡಿಸಿ ನೋಡಿ. ಫ್ಲಿಪ್‌ಫ್ಲಾಪ್ ಪ್ರತಿ ಅಂಚಿಗೆ ಒಮ್ಮೆ ಮಾತ್ರ ಹೊರಳುತ್ತದೆ, ಅಂದರೆ ಕ್ಲಾಕ್‌ನ ವೇಗ ಅರ್ಧವಾಗುತ್ತದೆ. ಕ್ವಾರ್ಟ್ಜ್ ಕೈಗಡಿಯಾರದಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಸಂಕೇತವನ್ನು ಹೀಗೆ 15 ಸಲ ಅರ್ಧ ಮಾಡುತ್ತ ಹೋದರೆ ಸಿಗುವುದು ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ. ಅದೇ ಜೋಡಣೆಯನ್ನು ಲ್ಯಾಚ್‌ಗೆ ಮಾಡಿದರೆ, ಎನೇಬಲ್ 1 ಇರುವವರೆಗೂ ಕ್ಯೂ ಬದಲಾದಂತೆ ಡಿ, ಡಿ ಬದಲಾದಂತೆ ಕ್ಯೂ. ಒಂದು ಹೊರಳಿಗೆ 25 ನ್ಯಾನೊಸೆಕೆಂಡ್ ಹಿಡಿದರೂ ನಮ್ಮ ಚಿತ್ರದ 4 ಮೈಕ್ರೊಸೆಕೆಂಡ್ ಅಗಲದಲ್ಲಿ 160 ಬಾರಿ ಹೊರಳಾಡುತ್ತದೆ. ಕೊನೆಗೆ ಎಲ್ಲಿ ನಿಂತೀತು ಎಂಬುದು ಅದೃಷ್ಟ. ಬ್ರೆಡ್‌ಬೋರ್ಡ್‌ನಲ್ಲಿ ಎನೇಬಲ್ ಅನ್ನು 1 ರಲ್ಲೇ ಹಿಡಿದರೆ ಎಲ್‌ಇಡಿ ಪೂರ್ತಿ ಬೆಳಗದೆ, ಪೂರ್ತಿ ಆರದೆ ಮಂಕಾಗಿ ಉರಿಯುವುದೇ ಇದರ ಗುರುತು.

ಫ್ಲಿಪ್‌ಫ್ಲಾಪ್‌ಗೂ ಒಂದು ಷರತ್ತಿದೆ. ಅಂಚು ಬರುವ ತುಸು ಮೊದಲೇ ಡಿ ಸ್ಥಿರವಾಗಿರಬೇಕು, ಅಂಚು ದಾಟಿದ ಮೇಲೂ ತುಸು ಹೊತ್ತು ಕದಲಬಾರದು. ಹಳೆಯ 7474ಕ್ಕೆ ಮೊದಲಿನದು 20, ಆಮೇಲಿನದು 5 ನ್ಯಾನೊಸೆಕೆಂಡ್. ಸರಿಯಾಗಿ ಅಂಚಿನ ಮೇಲೇ ಡಿ ಬದಲಾದರೆ ಔಟ್‌ಪುಟ್ 0 ಯೋ 1 ಓ ಎಂದು ತೀರ್ಮಾನವಾಗದೆ ಸ್ವಲ್ಪ ಹೊತ್ತು ತೂಗಾಡಬಹುದು.

ಈ ಎರಡು ಐಸಿಗಳನ್ನು ನೀವೇ ಜೋಡಿಸಿ ನೋಡುವುದಾದರೆ ಎರಡು ಎಚ್ಚರಿಕೆ. 7475ಕ್ಕೆ ವಿದ್ಯುತ್ ಕೊಡಬೇಕಾದ್ದು ಮೂಲೆಯ ಕಾಲುಗಳಿಗಲ್ಲ: 5ನೇ ಕಾಲಿಗೆ ಐದು ವೋಲ್ಟ್, 12ಕ್ಕೆ ಗ್ರೌಂಡ್. 7474ರಲ್ಲಿ 1 ಮತ್ತು 4ನೇ ಕಾಲುಗಳನ್ನು ಐದು ವೋಲ್ಟಿಗೆ ಕಟ್ಟಿಡಿ. ತೇಲಲು ಬಿಟ್ಟರೆ ಅವು ಕ್ಲಾಕನ್ನು ಕೇಳದೆಯೇ ಕ್ಯೂ ಅನ್ನು ಬದಲಿಸಿಬಿಡಬಹುದು. ಇನ್ನು ಅಪರಿಚಿತ ಸರ್ಕ್ಯೂಟ್ ನಕ್ಷೆಯಲ್ಲಿ ಲ್ಯಾಚೋ ಫ್ಲಿಪ್‌ಫ್ಲಾಪೋ ಎಂಬ ಅನುಮಾನ ಬಂದರೆ ಕ್ಲಾಕ್ ತಂತಿ ಚೌಕವನ್ನು ಮುಟ್ಟುವ ಜಾಗ ನೋಡಿ. ಅಲ್ಲಿ ಒಳಮುಖವಾಗಿ ಪುಟ್ಟ ತ್ರಿಕೋನ ಇದ್ದರೆ ಅದು ಅಂಚಿಗೆ ಮಣಿಯುವ ಫ್ಲಿಪ್‌ಫ್ಲಾಪ್, ಇಲ್ಲದಿದ್ದರೆ ಲ್ಯಾಚ್.