ರಜೆ ಬೇಡ, ನಾಲ್ಕು ಬೆಳಗು ಬೇಕು

‘ಜ್ವರ ಬಂದಿರುವುದರಿಂದ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ.’ ಶಾಲೆಯಲ್ಲಿ ಎಲ್ಲರೂ ಕಲಿಯುವ ಅರ್ಜಿ ಇದು. ಆದರೆ ಎರಡು ದಿನದಲ್ಲಿ ಹೋಗದ ಕಾಯಿಲೆ ಬಂದಾಗ ಈ ಮಾದರಿ ಸಾಲದು.

ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ಮಹಿಳೆಯೊಬ್ಬರಿಗೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತೆಂದು ಇಟ್ಟುಕೊಳ್ಳೋಣ. 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಮಾತ್ರೆಯಿಂದ ಇಂಥ ಅನೇಕ ರೋಗಿಗಳು ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ. ತೊಡಕು ಇರುವುದೂ ಅಲ್ಲಿಯೇ. ನೋಡಲು ಚೆನ್ನಾಗಿರುವವರಿಗೆ ಪದೇ ಪದೇ ಆಸ್ಪತ್ರೆ ಏಕೆ ಎಂದು ಮೇಲಧಿಕಾರಿಗೆ ಅನ್ನಿಸುವುದು ಸಹಜ.

ಮೊದಲ ವಾರಗಳಲ್ಲಿ ಮಾತ್ರೆಯಿಂದ ರಕ್ತಕಣಗಳು ತೀರಾ ಕುಸಿಯಬಹುದು. ಆಗ ಔಷಧವನ್ನು ಕೆಲದಿನ ನಿಲ್ಲಿಸಬೇಕಾದೀತು. ಆದ್ದರಿಂದ ಆರಂಭದಲ್ಲಿ ಸಾಮಾನ್ಯವಾಗಿ ಒಂದೆರಡು ವಾರಕ್ಕೊಮ್ಮೆ ರಕ್ತಪರೀಕ್ಷೆ ನಡೆಯುತ್ತದೆ. ಬಳಿಕ ಮೂರು ತಿಂಗಳಿಗೊಮ್ಮೆ ಪಿಸಿಆರ್ ಪರೀಕ್ಷೆ. ರೋಗದ ಅಂಶ ಮೂರು ತಿಂಗಳಲ್ಲಿ ಶೇ 10ಕ್ಕೆ, ಒಂದು ವರ್ಷದಲ್ಲಿ ಶೇ 0.1ಕ್ಕೆ ಇಳಿಯಬೇಕೆಂಬುದು ವೈದ್ಯರ ಗುರಿ. ಔಷಧ ನಾಟದೆ ಈ ಅಂಶ ಮತ್ತೆ ಏರತೊಡಗಿದರೆ ರೋಗಿಗೆ ಮೊದಮೊದಲು ಏನೂ ತಿಳಿಯದು, ಪರೀಕ್ಷೆಯೇ ಹೇಳಬೇಕು.

‘ಆಗಾಗ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ದಯವಿಟ್ಟು ಸಹಕರಿಸಿ’ ಎಂದಷ್ಟೇ ಬರೆದರೆ ಮೇಲಧಿಕಾರಿ ಯಾವುದಕ್ಕೆ ಒಪ್ಪಬೇಕು? ಎಷ್ಟು ದಿನ, ಎಷ್ಟು ಹೊತ್ತು ಎಂಬುದೇ ಅದರಲ್ಲಿಲ್ಲ. ಪತ್ರ ಹೀಗಿದ್ದರೆ ಮೇಲು:

‘ಮಾನ್ಯರೇ,
ವಿಷಯ: ಕೆಲಸದ ವೇಳೆಯಲ್ಲಿ ತಾತ್ಕಾಲಿಕ ಬದಲಾವಣೆ ಕೋರಿ.
ದೀರ್ಘಕಾಲದ ಚಿಕಿತ್ಸೆ ಬೇಕಾದ ಕಾಯಿಲೆಯೊಂದು ನನಗಿರುವುದು ಪತ್ತೆಯಾಗಿದೆ. ನಿಗದಿತ ದಿನಗಳಂದು ರಕ್ತಪರೀಕ್ಷೆ ಆಗಲೇಬೇಕೆಂಬ ವೈದ್ಯರ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಜೂನ್ 3, 17, ಜುಲೈ 1, 15ರಂದು ಬೆಳಿಗ್ಗೆ 9.30ರ ಬದಲು ಮಧ್ಯಾಹ್ನ 1ಕ್ಕೆ ಹಾಜರಾಗಲು ಅನುಮತಿ ಬೇಕು. ಪ್ರತಿ ಸಲದ ಮೂರೂವರೆ ಗಂಟೆಯನ್ನು ನಂತರದ ಏಳು ಕೆಲಸದ ದಿನ ಸಂಜೆ ಅರ್ಧ ಗಂಟೆ ಹೆಚ್ಚು ಕುಳಿತು ತುಂಬಿಕೊಡುತ್ತೇನೆ. ಜುಲೈ 1ರಂದು ತಿಂಗಳ ಲೆಕ್ಕ ಮುಗಿಸಬೇಕಿರುವುದರಿಂದ ನನ್ನ ಪಾಲಿನ ವೋಚರುಗಳನ್ನು ಹಿಂದಿನ ಸಂಜೆಯೇ ಒಪ್ಪಿಸುತ್ತೇನೆ. ಜುಲೈ 15ರ ಬಳಿಕ ಮುಂದಿನ ದಿನಾಂಕಗಳನ್ನು ತಿಳಿಸುತ್ತೇನೆ.’

ಇದರಲ್ಲಿ ಕಾಯಿಲೆಯ ಹೆಸರಿಲ್ಲ. ವೇಳೆ ಹೊಂದಿಸಲು ಅಧಿಕಾರಿಗೆ ಬೇಕಾದದ್ದು ದಿನಾಂಕ ಮತ್ತು ಗಂಟೆ. ಹೆಸರು ಹೇಳುವುದು, ಬಿಡುವುದು ಆಕೆಗೆ ಬಿಟ್ಟದ್ದು. ಪ್ರಮಾಣಪತ್ರ ಕೇಳುವಾಗಲೇ ಇದನ್ನು ವೈದ್ಯರಿಗೆ ತಿಳಿಸಿದರೆ ಒಳ್ಳೆಯದು. ಇಲ್ಲವಾದರೆ ರೋಗದ ಹೆಸರು ಅದರಲ್ಲೇ ಬಂದುಬಿಡುತ್ತದೆ.

ಅಧಿಕಾರಿ ಬಾಯಿಮಾತಿನಲ್ಲಿ ‘ಆಗಲಿ’ ಎಂದರೆ ಸಾಲದು. ಅವರು ವರ್ಗವಾದರೆ ಆ ಮಾತೂ ಅವರೊಂದಿಗೇ ಹೋಗುತ್ತದೆ. ಪತ್ರದ ಪ್ರತಿಯ ಮೇಲೆ ಒಪ್ಪಿಗೆಯ ಸಹಿ, ದಿನಾಂಕ ಪಡೆದು ಇಟ್ಟುಕೊಳ್ಳಬೇಕು.